ಖೋ-ಖೋ ಬರುತ್ತೆ, ಸರ್ವೀಸ್ ಬರಲ್ಲ: ಕಲಿಕೆಯ ಮೂರು ಹಂತಗಳ ಒಂದು ಪ್ರಕರಣ

ಈ ವಿದ್ಯಾರ್ಥಿನಿ ದೈಹಿಕ ಶಿಕ್ಷಣ ಶಿಕ್ಷಕರ ಕೋರ್ಸ್ ಆದ ಬಿ.ಪಿ.ಎಡ್ ಮೊದಲ ವರ್ಷದವಳು. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

"ಕೋರ್ಸ್ ಬಿಟ್ಟುಬಿಡ್ತೀನಿ ಮೇಡಂ" ಅಂತಲೇ ಮಾತು ಶುರು ಮಾಡಿದಳು. ಪ್ರೈಮರಿ ಶಾಲೆಯಿಂದ ಖೋ-ಖೋ ಆಡಿಕೊಂಡು ಬಂದ ಹುಡುಗಿ, ಒಳ್ಳೆಯ ಚೇಸರ್. ಆದರೆ ವಾಲಿಬಾಲ್ ಪ್ರಾಕ್ಟಿಕಲ್‌ಗೆ ಓವರ್‌ಹೆಡ್ ಸರ್ವೀಸ್ ಕಲಿಯಬೇಕಿತ್ತು. ಚೆಂಡು ಒಮ್ಮೆ ನೆಟ್‌ಗೆ, ಒಮ್ಮೆ ಪಕ್ಕದ ಕೋರ್ಟಿಗೆ, ಒಮ್ಮೆ ನೆತ್ತಿಯ ಮೇಲೆ. "ಖೋ-ಖೋದಲ್ಲಿ ನಾನು ಯೋಚ್ನೆನೇ ಮಾಡಲ್ಲ, ಮೈ ತಾನೇ ಹೋಗುತ್ತೆ. ಇಲ್ಲಿ ಎಷ್ಟು ಯೋಚಿಸಿದ್ರೂ ಆಗ್ತಿಲ್ಲ. ನನಗೆ ಬೇರೆ ಆಟದ ತಲೆಯೇ ಇಲ್ಲ ಅನ್ಸುತ್ತೆ."

ಅವಳ ತೊಂದರೆ ಆ ಮಾತಿನಲ್ಲೇ ಇತ್ತು. ವರ್ಷಗಟ್ಟಲೆ ಆಡಿ ಪಳಗಿದ ಆಟದ ಅಳತೆಗೋಲನ್ನು ತಂದು ಹೊಸ ಕೌಶಲದ ಮೇಲೆ ಇಟ್ಟಿದ್ದಳು. 1967ರಲ್ಲಿ ಫಿಟ್ಸ್ ಮತ್ತು ಪೋಸ್ನರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಹೇಳಿದ ಕೌಶಲ ಕಲಿಕೆಯ ಮೂರು ಹಂತಗಳು ಅವಳ ಸಿಲಬಸ್‌ನಲ್ಲೇ ಇವೆ: ಪ್ರತಿಯೊಂದನ್ನೂ ಯೋಚಿಸಿ ಮಾಡುವ ಕಾಗ್ನಿಟಿವ್, ತಪ್ಪು ತಿದ್ದಿಕೊಳ್ಳುತ್ತಾ ಪಳಗುವ ಅಸೋಸಿಯೇಟಿವ್, ತಾನಾಗಿ ನಡೆಯುವ ಆಟೋನಮಸ್. ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು. ಆದರೆ ಅದು ತನ್ನದೇ ಕಥೆ ಅಂತ ಹೊಳೆದಿರಲಿಲ್ಲ.

ಮಾತಿಗಿಂತ ಮೈದಾನದಲ್ಲೇ ತೋರಿಸುವುದು ಸರಿ ಅನ್ನಿಸಿತು. ಖೋ-ಖೋ ಕಂಬದ ಹತ್ತಿರ ಕರೆದುಕೊಂಡು ಹೋದೆ. "ಓಡಿ ಬಂದು ಕಂಬ ಹಿಡಿದು ತಿರುಗು. ಜೊತೆಗೆ 100ರಿಂದ ಮೂರು ಮೂರು ಕಳೆಯುತ್ತಾ ಜೋರಾಗಿ ಹೇಳು" ಅಂದೆ. 97, 94, 91 ಅಂತ ಹೇಳುತ್ತಲೇ ತಿರುಗಿದಳು. ಕಾಲು ತಡವರಿಸಲಿಲ್ಲ, ಲೆಕ್ಕವೂ ತಪ್ಪಲಿಲ್ಲ. ಆಮೇಲೆ ವಾಲಿಬಾಲ್ ಕೊಟ್ಟು ಅದೇ ಲೆಕ್ಕದ ಜೊತೆ ಸರ್ವ್ ಮಾಡು ಅಂದೆ. 97 ಅಂದಳು, ಚೆಂಡು ಎಸೆದಳು, ಬಾಯಿ ನಿಂತೇ ಹೋಯಿತು. ಚೆಂಡು ನೆಟ್‌ನ ಬುಡಕ್ಕೆ ಬಿತ್ತು.

ಕಂಬ ತಿರುಗುವುದು ಅವಳಿಗೆ ಆಟೋನಮಸ್ ಹಂತದಲ್ಲಿದೆ. ಅದಕ್ಕೆ ಗಮನ ಬಹಳ ಕಡಿಮೆ ಸಾಕು. ಉಳಿದ ಗಮನ ಎದುರಾಳಿ ಎತ್ತ ಓಡುತ್ತಾಳೆ ಅಂತ ನೋಡಲು ಸಿಗುತ್ತದೆ. ಸರ್ವೀಸ್ ಇನ್ನೂ ಕಾಗ್ನಿಟಿವ್ ಹಂತದಲ್ಲಿದೆ. ಯಾವ ಕಾಲು ಮುಂದೆ, ಎಷ್ಟು ಎತ್ತರ ಎಸೆಯಬೇಕು, ಕೈ ಎಲ್ಲಿ ತಾಗಬೇಕು ಅಂತ ಪ್ರತಿಯೊಂದಕ್ಕೂ ಗಮನ ಬೇಕು. ಇಷ್ಟೆಲ್ಲಾ ಹೊತ್ತ ತಲೆಗೆ ಲೆಕ್ಕ ಮಾಡಲು ಜಾಗ ಎಲ್ಲಿ? ಹಂತ ಅನ್ನೋದು ಕೌಶಲಕ್ಕೆ ಸೇರಿದ್ದು, ಮನುಷ್ಯರಿಗಲ್ಲ. ಒಬ್ಬಳೇ ಹುಡುಗಿ ಒಂದೇ ಸಂಜೆ ಎರಡು ಹಂತಗಳಲ್ಲಿ ಇರಬಹುದು. ಇದು ತಿಳಿದ ಮೇಲೆ ಕೋರ್ಸ್ ಬಿಡುವ ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ವಿಷಯ ಆಮೇಲೆ ಹೊರಬಂತು. ಕೆಲವು ದಿನಗಳಿಂದ ಖೋ-ಖೋದಲ್ಲಿ ಅವಳ ಪೋಲ್ ಡೈವ್, ಅಂದರೆ ಕಂಬ ಹಿಡಿದು ಮುಂದಕ್ಕೆ ಹಾರಿ ಓಡುವವಳನ್ನು ಮುಟ್ಟುವುದು ಕೂಡ ಕೆಡುತ್ತಿತ್ತು. ಅಸೈನ್‌ಮೆಂಟ್‌ಗಾಗಿ ಡೈವ್‌ನ ಪ್ರತಿ ಹೆಜ್ಜೆಯನ್ನೂ ಬಿಡಿಸಿ ಬರೆದಿದ್ದಳು. ಅದಾದ ಮೇಲೆ ಆಡುವಾಗಲೂ "ಯಾವ ಬೆರಳು ಮೊದಲು ಹಿಡಿಯುತ್ತೆ" ಅಂತ ನೋಡಿಕೊಳ್ಳುತ್ತಿದ್ದಳು. ತಾನಾಗಿ ನಡೆಯುವ ಕೌಶಲದ ಒಳಗೆ ಆಟದ ನಡುವೆ ಕೈ ಹಾಕಿದರೆ ಹೀಗಾಗುತ್ತದೆ. ಪಳಗಿದ ಆಟಗಾರರು ಒತ್ತಡದ ಪಂದ್ಯದಲ್ಲಿ ತಡವರಿಸುವುದಕ್ಕೆ ಇದೂ ಒಂದು ಕಾರಣ. ನಾನು ಹೇಳಿದ್ದು ಇಷ್ಟೇ: ಆಡುವಾಗ ಕಣ್ಣು ಓಡುವವಳ ಸೊಂಟದ ಮೇಲಿರಲಿ, ನಿನ್ನ ಕೈ ಮೇಲೆ ಬೇಡ. ಡೈವ್ ಬಿಡಿಸಿ ನೋಡುವುದಿದ್ದರೆ ಪ್ರಾಕ್ಟೀಸ್ ಮುಗಿದ ಮೇಲೆ ವಿಡಿಯೊದಲ್ಲಿ ನೋಡು.

ಸರ್ವೀಸ್‌ಗೆ ಕೊಟ್ಟ ಸಲಹೆಯನ್ನು ಅವಳ ಕೋಚ್ ಜೊತೆ ಕೂತೇ ಮಾಡಿದೆವು. ಅಲ್ಲಿಯವರೆಗೆ ಒಂದೊಂದು ಚೆಂಡಿಗೂ ಐದಾರು ತಿದ್ದುಪಡಿ ಬೀಳುತ್ತಿತ್ತು. ಮೊದಲ ಹಂತದವರಿಗೆ ಅದು ಹೊರೆ. ಹಾಗಾಗಿ ಮೊದಲ ವಾರ ಬರೀ ಟಾಸ್. ಎಡಗಾಲು ಮುಂದೆ ಇಟ್ಟು, ಎಡಗೈಯಿಂದ ಚೆಂಡನ್ನು ಬಲ ಭುಜದ ಮುಂದೆ ಎತ್ತಿ, ಹೊಡೆಯದೆ ನೆಲಕ್ಕೆ ಬಿಡಬೇಕು. ಎಡಗಾಲಿಗಿಂತ ತುಸು ಮುಂದೆ, ಬಲಗೈ ನೇರಕ್ಕೆ ಬಿದ್ದರೆ ಟಾಸ್ ಸರಿ. ಅದು ಕೂಡಿಬಂದ ಮೇಲೆ ನೆಟ್‌ನಿಂದ ಐದಾರು ಮೀಟರ್ ದೂರದಿಂದ ಹೊಡೆತ. 9 ಮೀಟರ್‌ನ ಗೆರೆಗೆ ಆಮೇಲೆ ಹೋಗಬೇಕು, ನಿಧಾನವಾಗಿ. ಕೋಚ್ ಮಾಡಿ ತೋರಿಸಬೇಕು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು.

ಒಂದು ನೋಟ್‌ಬುಕ್ ಇಡಲೂ ಹೇಳಿದೆ. ಕೋರ್ಟಿನ ಚಿತ್ರ ಬರೆದು, ಪ್ರತಿ ಸರ್ವ್ ಎಲ್ಲಿ ಬಿತ್ತೋ ಅಲ್ಲಿ ಒಂದು ಚುಕ್ಕಿ. ಮೊದಲ ಪುಟದಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿ. ನೆಟ್, ಎಡ, ಬಲ, ಗೆರೆಯಾಚೆ, ಎಲ್ಲಾ ಕಡೆ. ಯಾಕೆ ಹಾಗಾಯ್ತು ಅಂತ ಕೇಳಿದರೆ "ಗೊತ್ತಿಲ್ಲ ಮೇಡಂ". ಕೆಲವು ವಾರದ ನಂತರದ ಪುಟದಲ್ಲಿ ತಪ್ಪುಗಳು ಪೂರ್ತಿ ಹೋಗಿರಲಿಲ್ಲ, ಆದರೆ ಹೆಚ್ಚಿನವು ನೆಟ್‌ನ ಒಂದೇ ಜಾಗದಲ್ಲಿದ್ದವು. ಅವಳಿಗೆ ಇನ್ನೂ ಬೇಸರ. ನನಗೆ ಖುಷಿಯಾಯಿತು. ತಪ್ಪುಗಳು ಕಡಿಮೆಯಾಗಿ, ಒಂದೇ ಥರ ಆಗತೊಡಗಿದರೆ ಕಲಿಯುವವರು ಅಸೋಸಿಯೇಟಿವ್ ಹಂತಕ್ಕೆ ಕಾಲಿಟ್ಟಿದ್ದಾರೆ ಅಂತ ತಿಳಿಯಬಹುದು. "ಯಾಕೆ ನೆಟ್‌ಗೆ ಹೋಗ್ತಿದೆ?" ಅಂದೆ. "ಟಾಸ್ ಜಾಸ್ತಿ ಮುಂದೆ ಹೋಗ್ತಿದೆ, ಕೈ ಚಾಚಿ ಹೊಡೀತೀನಿ, ಚೆಂಡು ಕೆಳಗೆ ಇಳಿಯುತ್ತೆ" ಅಂದಳು. ತನ್ನ ತಪ್ಪಿನ ಕಾರಣ ತಾನೇ ಹೇಳಿದ್ದು ಎರಡನೇ ಗುರುತು.

ಇಲ್ಲಿಂದ ಸಲಹೆ ಬದಲಾಯಿತು. ಕೋಚ್ ಪ್ರತಿ ಚೆಂಡಿಗೂ ಮಾತಾಡುವುದು ಬೇಡ. ನಾಲ್ಕೈದು ಸರ್ವ್ ಆದ ಮೇಲೆ ಮೊದಲು ಅವಳನ್ನೇ ಕೇಳಬೇಕು, ಆಮೇಲೆ ತಮ್ಮ ಮಾತು ಸೇರಿಸಬೇಕು. ಯಾವಾಗಲೂ ಹೇಳಿಕೊಡುವವರಿದ್ದರೆ ತಪ್ಪು ಹಿಡಿಯುವ ಕೆಲಸ ಅವಳ ತಲೆ ಕಲಿಯುವುದೇ ಇಲ್ಲ. ಗುರಿಯನ್ನೂ ಬದಲಿಸುತ್ತಿರಬೇಕು. ಒಂದು ಸರ್ವ್ ಎಡ ಮೂಲೆಗೆ, ಮುಂದಿನದು ಬಲಕ್ಕೆ. ಹೀಗೆ ಮಾಡಿದಾಗ ಆ ದಿನದ ಲೆಕ್ಕ ಸ್ವಲ್ಪ ಕೆಡುತ್ತದೆ, ಆದರೆ ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ. ಇದನ್ನು ಮೊದಲೇ ಹೇಳಿಟ್ಟಿದ್ದೆ, ಇಲ್ಲದಿದ್ದರೆ ಮತ್ತೆ ಕುಗ್ಗಿ ಹೋಗುತ್ತಿದ್ದಳು.

ಈ ನಡುವಿನ ಹಂತ ತುಂಬಾ ಉದ್ದ. ಕೆಲವರು ಇಲ್ಲೇ ಉಳಿಯುತ್ತಾರೆ. ಅವಸರದಲ್ಲಿ ತಪ್ಪು ಟಾಸನ್ನೇ ಸಾವಿರ ಸಲ ಮಾಡಿದರೆ ಆ ತಪ್ಪೂ ತಾನಾಗಿ ನಡೆಯುವಂತಾಗುತ್ತದೆ, ಆಮೇಲೆ ಅದನ್ನು ಬಿಡಿಸುವುದು ಬಲು ಕಷ್ಟ. "ಖೋ-ಖೋ ಥರ ಯೋಚಿಸದೆ ಸರ್ವ್ ಮಾಡೋದು ಯಾವಾಗ?" ಅಂತ ಕೇಳಿದಳು. ಈ ಸೆಮಿಸ್ಟರ್‌ನಲ್ಲಿ ಅಲ್ಲ ಅಂತ ನೇರವಾಗಿ ಹೇಳಿದೆ. ಪ್ರಾಕ್ಟಿಕಲ್‌ಗೆ ಅದು ಬೇಕಾಗೂ ಇಲ್ಲ. ಅಸೋಸಿಯೇಟಿವ್ ಹಂತದಲ್ಲಿ ಗಟ್ಟಿಯಾಗಿ ನಿಂತರೆ ಸಾಕು. ಸೀಟಿ ಊದಿದ ಮೇಲೆ ಸರ್ವ್ ಮಾಡಲು 8 ಸೆಕೆಂಡ್ ಇರುತ್ತದೆ. ಆ ಹೊತ್ತಿನಲ್ಲಿ "ಟಾಸ್ ಹತ್ತಿರ" ಅನ್ನುವ ಎರಡೇ ಪದ ಹೇಳಿಕೊಳ್ಳಲು ಒಪ್ಪಿಸಿದೆ.

ಹಂತಗಳ ನಡುವೆ ಗೋಡೆ ಇಲ್ಲ ಅನ್ನುವುದನ್ನೂ ಅವಳಿಗೆ ವಿವರಿಸಿದೆ. ಮುಂದೆ ಜಂಪ್ ಸರ್ವ್ ಕಲಿಯಲು ಹೋದರೆ ಒಂದಿಷ್ಟು ದಿನ ಮತ್ತೆ ಮೊದಲ ಹಂತದ ತಡವರಿಕೆ ಬರುತ್ತದೆ. ಪೋಲ್ ಡೈವ್‌ನ ಹಿಡಿತ ಬದಲಿಸಿದರೂ ಹಾಗೆಯೇ.

ಪ್ರಾಕ್ಟಿಕಲ್‌ನಲ್ಲಿ ಅವಳು ಪಾಸಾದಳು. ಕೊನೆಯ ಭೇಟಿಗೆ ಬಂದಾಗ ಮಾತೆಲ್ಲಾ ಬೋಧನಾಭ್ಯಾಸದ ಬಗ್ಗೆ. ಆರನೇ ತರಗತಿಗೆ ಕಂಬ ತಿರುಗುವುದನ್ನು ಕಲಿಸುವ ಪಾಠಯೋಜನೆ ತೋರಿಸಿದಳು. ಅದರಲ್ಲಿ ಒಂಬತ್ತು ಸೂಚನೆಗಳಿದ್ದವು. ಅವಳಿಗೆ ಅದು ತಾನಾಗಿ ಬರುವ ಕೆಲಸ, ಮಕ್ಕಳಿಗೆ ಕಾಗ್ನಿಟಿವ್ ಹಂತ. ಕೂತು ಹೊಡೆದು ಹಾಕುತ್ತಾ ಹೋದೆವು. ಕೊನೆಗೆ ಎರಡು ಉಳಿದವು: ನಿಧಾನವಾಗಿ ಮಾಡಿ ತೋರಿಸುವುದು, "ಕಂಬ ಹಿಡಿದ ಕೈ ಬಿಡಬೇಡ" ಅನ್ನುವುದು. ಉಳಿದ ಏಳನ್ನು ಮುಂದಿನ ವಾರಗಳ ಪುಟಕ್ಕೆ ಬರೆದುಕೊಂಡಳು.