ಲಿಂಬೆಯ ಬೆಲೆ ಏರಿದಾಗ ಪೂರೈಕೆ ರೇಖೆ ಏಕೆ ಸರಿಯುವುದಿಲ್ಲ?

ಪ್ರಶ್ನೆ: "ಬೇಸಿಗೆಯಲ್ಲಿ ಲಿಂಬೆಗೆ ಬೇಡಿಕೆ ಹೆಚ್ಚಿದರೆ ಸಮತೋಲನ ಏನಾಗುತ್ತದೆ ಎಂಬ ಪ್ರಶ್ನೆಗೆ ಬೇಡಿಕೆ ರೇಖೆಯನ್ನು ಬಲಕ್ಕೆ ಸರಿಸಿದೆ. ಬೆಲೆ ಏರಿದ್ದರಿಂದ ಪೂರೈಕೆಯೂ ಹೆಚ್ಚುತ್ತದಲ್ಲ ಎಂದು ಪೂರೈಕೆ ರೇಖೆಯನ್ನೂ ಬಲಕ್ಕೆ ಸರಿಸಿದೆ. ಮಾದರಿ ಉತ್ತರದಲ್ಲಿ ಬೇಡಿಕೆ ರೇಖೆ ಮಾತ್ರ ಸರಿದಿದೆ. ಪಲ್ಲಟದ ಕಾರಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಈ ಗೊಂದಲ ತಪ್ಪುತ್ತದೆಯೇ?"

ಇದೇ ತಪ್ಪಿನಿಂದ ನನಗೆ ಉಪನ್ಯಾಸಕನ ಹುದ್ದೆಯೊಂದು ಕೈತಪ್ಪಿತು. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಹೊಸತರಲ್ಲಿ ವಿಜಯಪುರದ ಒಂದು ಪದವಿಪೂರ್ವ ಕಾಲೇಜಿನ ಸಂದರ್ಶನಕ್ಕೆ ಹೋಗಿದ್ದೆ. ಅಕಾಲಿಕ ಮಳೆಗೆ ಉಳ್ಳಾಗಡ್ಡಿ ಬೆಳೆ ಕೊಳೆತರೆ ಮಾರುಕಟ್ಟೆಯಲ್ಲಿ ಏನಾಗುತ್ತದೆ ಎಂಬುದನ್ನು ಹಲಗೆಯ ಮೇಲೆ ರೇಖಾಚಿತ್ರ ಬರೆದು ವಿವರಿಸಲು ಹೇಳಿದರು. ನಾನು ಪೂರೈಕೆ ರೇಖೆಯನ್ನು ಎಡಕ್ಕೆ ಸರಿಸಿ ಬೆಲೆ ಏರಿದ್ದನ್ನು ತೋರಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಾಗಿತ್ತು. ಆದರೆ "ಬೆಲೆ ಏರಿದರೆ ಬೇಡಿಕೆ ಕುಗ್ಗುತ್ತದೆ" ಎಂದು ಬೇಡಿಕೆ ರೇಖೆಯನ್ನೂ ಎಡಕ್ಕೆ ಸರಿಸಿ, ಎರಡೂ ಹೊಸ ರೇಖೆಗಳು ಸರಿಯಾಗಿ ಹಳೆಯ ಬೆಲೆಯಲ್ಲೇ ಕೂಡುವಂತೆ ಬರೆದು, ಮಾರುಕಟ್ಟೆ ತನ್ನನ್ನು ತಾನೇ ಸರಿಪಡಿಸಿಕೊಂಡಿತು ಎಂದು ಹೆಮ್ಮೆಯಿಂದ ಮುಗಿಸಿದೆ.

ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಅಲ್ರೀ, ನಾಳೆ ಹಳೇ ರೇಟಿಗೇ ಉಳ್ಳಾಗಡ್ಡಿ ಸಿಕ್ಕರ, ನಿಮ್ಮ ಮನ್ಯಾಗ ಮೊದಲಿಗಿಂತ ಕಡಿಮಿ ತರ್ತಾರೇನ್ರೀ?" ಇಲ್ಲ ಎಂದೆ. "ಹಂಗಾರ ನಿಮ್ಮ ಬೇಡಿಕೆ ರೇಖೆ ಯಾಕ ಸರೀತು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯಲ್ಲಿ ಎಷ್ಟು ಅರ್ಥವಿತ್ತು ಎಂಬುದು ಅಂಕಿಗಳನ್ನು ಹಾಕಿ ನೋಡಿದಾಗ ಮಾತ್ರ ತಿಳಿಯುತ್ತದೆ. ಒಂದು ಕಾಲ್ಪನಿಕ ಮಾರುಕಟ್ಟೆಯಲ್ಲಿ ಕಿಲೋ ಬೆಲೆಯನ್ನು P ಎಂದೂ, ದಿನದ ಪ್ರಮಾಣವನ್ನು ಕ್ವಿಂಟಲ್‌ಗಳಲ್ಲಿ Q ಎಂದೂ ಇಟ್ಟುಕೊಳ್ಳೋಣ. ಬೇಡಿಕೆ Q = 100 − 2P, ಪೂರೈಕೆ Q = 20 + 2P ಆಗಿದ್ದರೆ ಬೆಲೆ 20 ರೂಪಾಯಿ, ಪ್ರಮಾಣ 60 ಕ್ವಿಂಟಲ್. ಮಳೆಯಿಂದ ಪ್ರತಿಯೊಂದು ಬೆಲೆಯಲ್ಲೂ ಪೂರೈಕೆ 40 ಕ್ವಿಂಟಲ್ ಕಡಿಮೆಯಾಯಿತೆಂದರೆ ಪೂರೈಕೆ Q = −20 + 2P ಆಗುತ್ತದೆ, ಹೊಸ ಬೆಲೆ 30 ರೂಪಾಯಿ, ಪ್ರಮಾಣ 40 ಕ್ವಿಂಟಲ್. ಕೊಳ್ಳುವವರು 60ರಿಂದ 40ಕ್ಕೆ ಇಳಿದದ್ದು ನಿಜ. ಆದರೆ ಆ ಇಳಿಕೆಯನ್ನು ಹಳೆಯ ಬೇಡಿಕೆ ಸಮೀಕರಣವೇ ಹೇಳುತ್ತಿದೆ: ನೂರರಲ್ಲಿ ಮೂವತ್ತರ ಎರಡರಷ್ಟನ್ನು ಕಳೆದರೆ ಉಳಿಯುವುದು 40. ರೇಖೆಯನ್ನು ಮುಟ್ಟದೆಯೇ ಇಳಿಕೆ ಬಂದಿದೆ. ಇದೇ ರೇಖೆಯಗುಂಟ ಚಲನೆ.

ಈಗ ನನ್ನ ಹಾಗೆ ಯೋಚಿಸಿ, ಬೇಡಿಕೆ 20 ಕ್ವಿಂಟಲ್ ಕುಗ್ಗಿತಲ್ಲ ಎಂದು ಬೇಡಿಕೆ ರೇಖೆಯನ್ನೂ 20ರಷ್ಟು ಎಡಕ್ಕೆ ಸರಿಸಿದರೆ, ಸಮೀಕರಣ Q = 80 − 2P ಆಗುತ್ತದೆ. ಈ ರೇಖೆಯ ಪ್ರಕಾರ 30 ರೂಪಾಯಿಗೆ ಜನ ಕೊಳ್ಳುವುದು 40 ಅಲ್ಲ, ಬರೀ 20 ಕ್ವಿಂಟಲ್. ಅಂದರೆ ಒಂದೇ ಬೆಲೆಯೇರಿಕೆಯನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡ ಹಾಗಾಯಿತು: ರೇಖೆಯ ಇಳಿಜಾರಿನಲ್ಲಿ ಒಮ್ಮೆ, ರೇಖೆಯನ್ನೇ ಸರಿಸಿದಾಗ ಮತ್ತೊಮ್ಮೆ. ಹಲಗೆಯ ಮೇಲಿನ ನನ್ನ ಚಿತ್ರ ಇದಕ್ಕಿಂತಲೂ ಕೆಟ್ಟದ್ದಾಗಿತ್ತು. ಬೆಲೆ 20ಕ್ಕೇ ಮರಳಬೇಕಾದರೆ ಬೇಡಿಕೆಯನ್ನು ಪೂರ್ತಿ 40ರಷ್ಟು ಸರಿಸಬೇಕು. ಅಷ್ಟು ಸರಿಸಲು ನಾನು ಕೊಟ್ಟ ಕಾರಣ ಬೆಲೆಯೇರಿಕೆ. ಸರಿಸಿದ ಮೇಲೆ ಬೆಲೆ ಏರಿಯೇ ಇಲ್ಲ. ಕಾರಣವನ್ನೇ ಅಳಿಸಿಹಾಕಿದ ಮೇಲೆ ಪರಿಣಾಮ ಮಾತ್ರ ಹೇಗೆ ಉಳಿದೀತು? ಪ್ರಮಾಣ ಅಡ್ಡ ಅಕ್ಷದಲ್ಲಿರುವುದರಿಂದ "ಕಡಿಮೆಯಾಯಿತು" ಎಂದ ಕೂಡಲೇ ಕೈ ತಾನಾಗಿ ಎಡಕ್ಕೆ ಹೋಗುತ್ತದೆ, ರೇಖೆಯನ್ನೂ ಜೊತೆಗೆ ಎಳೆದೊಯ್ಯುತ್ತದೆ.

ನಿಮ್ಮ ಲಿಂಬೆಯ ಉತ್ತರ ಇದರದೇ ಮತ್ತೊಂದು ಮುಖ. ಮಾದರಿ ಉತ್ತರ ಸರಿಯಾಗಿದೆ. ಬಿಸಿಲಿಗೆ ಶರಬತ್ತು ಬೇಕೆನ್ನುವವರು ಹೆಚ್ಚಾದರು. ಹಳೆಯ ಬೆಲೆಯಲ್ಲೇ ಮೊದಲಿಗಿಂತ ಹೆಚ್ಚು ಲಿಂಬೆ ಕೇಳುತ್ತಾರೆ. ಆದ್ದರಿಂದ ಬೇಡಿಕೆ ರೇಖೆ ಬಲಕ್ಕೆ ಸರಿಯಲೇಬೇಕು. ಆ ಹಿರಿಯರ ಪ್ರಶ್ನೆಯನ್ನೇ ಇನ್ನು ಬೆಳೆಗಾರರಿಗೆ ಕೇಳಿ: ಬೆಲೆ ಹಳೆಯದೇ ಇದ್ದಿದ್ದರೆ ಇಂಡಿ ತಾಲ್ಲೂಕಿನ ತೋಟದವರು ಈ ವಾರ ಹೆಚ್ಚು ಚೀಲ ತರುತ್ತಿದ್ದರೇ? ಇಲ್ಲ. ಅವರು ಹೆಚ್ಚು ತಂದದ್ದು ಬೆಲೆ ಏರಿದ್ದಕ್ಕಾಗಿಯೇ, ಗಿಡದಲ್ಲಿ ಉಳಿಯುತ್ತಿದ್ದ ಕಾಯನ್ನೂ ಕೂಲಿ ಕೊಟ್ಟು ಕೀಳಿಸುವುದು ಈಗ ಗಿಟ್ಟುತ್ತದೆ ಎಂದೇ. ಮೇಲಕ್ಕೆ ಏರುವ ಪೂರೈಕೆ ರೇಖೆಯ ಅರ್ಥವೇ ಅದು. ಆ ರೇಖೆಯ ಮೇಲೆ ಹಳೆಯ ಬಿಂದುವಿನಿಂದ ಹೊಸ ಬಿಂದುವಿಗೆ ಒಂದು ಬಾಣ ಹಾಕಿದರೆ ಸಾಕು. "ಪೂರೈಕೆ ಹೆಚ್ಚಿತು" ಎಂದು ಬರೆದ ಕಡೆಯಲ್ಲೆಲ್ಲ "ಪೂರೈಕೆಯ ಪ್ರಮಾಣ ಹೆಚ್ಚಿತು" ಎಂದು ತಿದ್ದಿ.

ಪಟ್ಟಿಯನ್ನು ಬಾಯಿಪಾಠ ಮಾಡುವ ವಿಚಾರವನ್ನು ನಾನು ಒಪ್ಪುವುದಿಲ್ಲ. ಆದಾಯ, ಅಭಿರುಚಿ, ಸಂಬಂಧಿತ ಸರಕಿನ ಬೆಲೆ, ನಿರೀಕ್ಷೆ, ಹೂಡುವಳಿಯ ವೆಚ್ಚ ಎಂಬ ಪಟ್ಟಿ ನನಗೂ ಬಾಯಿಗೆ ಬರುತ್ತಿತ್ತು, ಹಲಗೆಯ ಮುಂದೆ ಅದು ಕೆಲಸಕ್ಕೆ ಬರಲಿಲ್ಲ. ಪಟ್ಟಿಯನ್ನು ನಂಬಿದವರು ಕೊನೆಗೆ "ಬೆಲೆ ಬದಲಾದರೆ ಚಲನೆ, ಬೇರೇನೇ ಬದಲಾದರೂ ಪಲ್ಲಟ" ಎಂಬ ಅರೆಸತ್ಯಕ್ಕೆ ಬರುತ್ತಾರೆ. ಚಹದ ಪುಡಿಯ ಬೆಲೆ ಏರಿದರೆ ಸಕ್ಕರೆಯ ಬೇಡಿಕೆ ರೇಖೆ ಎಡಕ್ಕೆ ಸರಿಯಬಹುದು. ಅಲ್ಲಿ ಬದಲಾದದ್ದೂ ಬೆಲೆಯೇ, ಆದರೆ ಸಕ್ಕರೆಯ ಚಿತ್ರದ ಲಂಬ ಅಕ್ಷದಲ್ಲಿರುವ ಬೆಲೆಯಲ್ಲ. ಮುಂದಿನ ವಾರ ಉಳ್ಳಾಗಡ್ಡಿ ತುಟ್ಟಿಯಾದೀತೆಂದು ಮನೆಯವರು ಇಂದೇ ಒಂದು ಚೀಲ ಹೆಚ್ಚಿಗೆ ತಂದರೆ ಅದೂ ಪಲ್ಲಟವೇ, ಏಕೆಂದರೆ ಇಂದಿನ ಬೆಲೆಯಲ್ಲೇ ಪ್ರಮಾಣ ಹೆಚ್ಚಿದೆ. ಪಟ್ಟಿ ಮರೆತುಹೋದರೂ ಹಳೆಯ ಬೆಲೆಯಲ್ಲಿ ನಿಂತು ಪ್ರಮಾಣವನ್ನು ಕೇಳಬಲ್ಲವರು ಇಂಥವುಗಳಲ್ಲಿ ಎಡವುವುದಿಲ್ಲ.

ಒಂದು ಆಕ್ಷೇಪ ನಿಮ್ಮಲ್ಲಿ ಉಳಿದಿರಬಹುದು. ಬೆಲೆ ಹೆಚ್ಚೇ ಉಳಿದರೆ ರೈತರು ಹೊಸ ಸಸಿ ನೆಡುವುದಿಲ್ಲವೇ? ಖಂಡಿತ ನೆಡುತ್ತಾರೆ, ಆದರೆ ಲಿಂಬೆಯ ಸಸಿ ಫಲ ಕೊಡಲು ವರ್ಷಗಳು ಬೇಕು. ಆ ಫಸಲು ಮಾರುಕಟ್ಟೆಗೆ ಬರುವಾಗಿನ ಚಿತ್ರವೇ ಬೇರೆ, ಅದರ ಅವಧಿಯೂ ಬೇರೆ. ಪ್ರಶ್ನೆ ಕೇಳಿದ್ದು ಈ ಬೇಸಿಗೆಯನ್ನು.

ಪ್ರಶ್ನೆಯಲ್ಲೇ ಎರಡು ಸ್ವತಂತ್ರ ಕಾರಣಗಳಿದ್ದಾಗ, ಉದಾಹರಣೆಗೆ ಬಿಸಿಲೂ ಹೆಚ್ಚು, ಹಿಂದಿನ ವರ್ಷಕ್ಕಿಂತ ಫಸಲೂ ಹೆಚ್ಚು ಎಂದಿದ್ದರೆ, ಎರಡೂ ರೇಖೆಗಳನ್ನು ಧೈರ್ಯವಾಗಿ ಬಲಕ್ಕೆ ಸರಿಸಿ. ಆಗ ಪ್ರಮಾಣ ಹೆಚ್ಚುವುದು ಖಚಿತ. ಬೆಲೆ ಏರುವುದೋ ಇಳಿಯುವುದೋ ಎಂಬುದು ಯಾವ ರೇಖೆ ಹೆಚ್ಚು ಸರಿದಿದೆ ಎಂಬುದನ್ನು ಅವಲಂಬಿಸುತ್ತದೆ. ನಿಮ್ಮ ಈಗಿನ ಚಿತ್ರದಲ್ಲೂ ಇದನ್ನು ಪರೀಕ್ಷಿಸಬಹುದು. ಎರಡನೆಯ ಪೂರೈಕೆ ರೇಖೆಯನ್ನು ಅಳಿಸಿ, ಬೇಡಿಕೆ ರೇಖೆ ಸರಿದದ್ದಕ್ಕಿಂತಲೂ ಹೆಚ್ಚು ಬಲಕ್ಕೆ ಬರೆದು ನೋಡಿ. ಹೊಸ ಬೆಲೆ ಹಳೆಯದಕ್ಕಿಂತ ಕೆಳಗೂ ಇಳಿಯುತ್ತದೆ. ಬೇಡಿಕೆ ಮಾತ್ರ ಹೆಚ್ಚಿದ ಪ್ರಶ್ನೆಗೆ ಲಿಂಬೆ ಅಗ್ಗವಾಯಿತು ಎಂಬ ಉತ್ತರ ಬರಲು ಸಾಧ್ಯವಿದ್ದರೆ, ಚಿತ್ರದಲ್ಲಿ ಒಂದು ರೇಖೆ ಹೆಚ್ಚಿಗೆ ಇದೆ.