ಬೆಳದಿಂಗಳು ಅಂತ ಬರೆದಿರಿ, ಹೊತ್ತಿಸುವವರು ಯಾರು?

"ಸರ್, ಕಿರುಚಿತ್ರದ ಒಂದು ದೃಶ್ಯ ಕಳಿಸಿದ್ದೇನೆ. ಹಳ್ಳಿ ಬಸ್‌ಸ್ಟಾಪು, ರಾತ್ರಿ. ನಮ್ಮ ಹತ್ರ ಇರೋದು ಒಂದು ಫುಲ್‌ಫ್ರೇಮ್ ಕ್ಯಾಮೆರಾ, ಒಂದು 50 ಎಂಎಂ ಲೆನ್ಸು, ಒಂದು 60 ವ್ಯಾಟ್ ಎಲ್‌ಇಡಿ ಪ್ಯಾನೆಲ್. ಶೂಟಿಂಗ್ ದಿನ ಗೊಂದಲ ಆಗಬಾರದು ಅಂತ ಕ್ಯಾಮೆರಾ, ಲೈಟಿಂಗ್ ಟಿಪ್ಪಣಿ ಎಲ್ಲಾ ಸ್ಕ್ರಿಪ್ಟ್ ಒಳಗೇ ಬರೆದಿದ್ದೀನಿ. ಸರಿ ಇದೆಯಾ ನೋಡಿ."

ಸರಿ ಇಲ್ಲ. ಕೊನೆ ಬಸ್ಸಿನಲ್ಲಿ ಮಗ ಬರುತ್ತಾನೆ ಅಂತ ಕಾಯುವ ರಂಗಪ್ಪ ನನಗೆ ಹಿಡಿಸಿದ. ಆದರೆ ಅವನು ಸಿಗುವುದು ಎರಡನೇ ಪುಟದಲ್ಲಿ. ಮೊದಲ ಪುಟ ಪೂರ್ತಿ ಐಎಸ್‌ಒ, ಅಪರ್ಚರ್, ಕ್ರೇನ್, "ತಂಪು ನೀಲಿ ಬ್ಯಾಕ್‌ಲೈಟ್" ತುಂಬಿಕೊಂಡಿದೆ. ಅಷ್ಟೆಲ್ಲ ಬರೆದೂ ಒಂದು ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ: ಈ ಜಾಗದಲ್ಲಿ ಬೆಳಕು ಬರುತ್ತಿರುವುದು ಎಲ್ಲಿಂದ?

"ಇಡೀ ಹೊಲದ ಮೇಲೆ ಬೆಳದಿಂಗಳು" ಅಂದಿದ್ದೀರಿ. ನಿಜವಾದ ಹುಣ್ಣಿಮೆಯ ಬೆಳಕು ಕಾಲು ಲಕ್ಸ್ ಆಸುಪಾಸು ಇರುತ್ತದೆ, ನಿಮ್ಮ ಕ್ಯಾಮೆರಾಗೆ ಅದು ಹೆಚ್ಚೂಕಡಿಮೆ ಕತ್ತಲೆಯೇ. ಸಿನಿಮಾದಲ್ಲಿ ಕಾಣುವ ಬೆಳದಿಂಗಳನ್ನು ದೊಡ್ಡ ದೀಪವನ್ನು ಎತ್ತರಕ್ಕೇರಿಸಿ, ಜನರೇಟರ್ ಇಟ್ಟು ಮಾಡಿರುತ್ತಾರೆ. ನಿಮ್ಮ ಪ್ಯಾನೆಲ್‌ಗೆ ಆ ಶಕ್ತಿ ಎಲ್ಲಿದೆ? 1 ಮೀಟರ್ ದೂರದಲ್ಲಿ ಮುಖಕ್ಕೆ ಸಿಗುವ ಬೆಳಕು 2 ಮೀಟರ್‌ನಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ, 10 ಮೀಟರ್‌ನಲ್ಲಿ ಹೆಚ್ಚೂಕಡಿಮೆ ನೂರನೇ ಒಂದು ಭಾಗ. ಹತ್ತಿರದ ಮುಖಕ್ಕೆ ಅದು ಸಾಕು, ಇಡೀ ಹೊಲಕ್ಕೆ ಸಾಲುವುದಿಲ್ಲ.

ಆಮೇಲೆ ಆ ನಡಿಗೆ. ರಂಗಪ್ಪ ದೂರದಿಂದ ಕ್ಯಾಮೆರಾ ಕಡೆಗೇ ನಡೆದು ಬರುತ್ತಾನೆ ಅಂತ ಬರೆದಿದ್ದೀರಿ, ಪಕ್ಕದಲ್ಲೇ "ಎಫ್ 1.8" ಅಂತಲೂ ಹಾಕಿದ್ದೀರಿ. ಲೆನ್ಸ್ ಅಷ್ಟು ತೆರೆದಾಗ 2 ಮೀಟರ್ ದೂರದ ಮುಖದ ಸುತ್ತ ಚೂಪಾಗಿ ಕಾಣುವ ಜಾಗ ಸುಮಾರು 17 ಸೆಂಟಿಮೀಟರ್, ಒಂದು ಗೇಣು ಕೂಡ ಇಲ್ಲ. ಫೋಕಸ್ ಎಳೆಯಲು ಬೇರೆ ಆಳಿಲ್ಲದ ನಿಮ್ಮ ತಂಡದಲ್ಲಿ ಆ ಶಾಟ್ ಹತ್ತು ಸಲ ತೆಗೆದರೂ ಮಸುಕಾಗುತ್ತದೆ. ಇದನ್ನು ಕ್ಯಾಮೆರಾದವರ ತಲೆಗೆ ಕಟ್ಟಬೇಡಿ. ಬರೆಯುವಾಗಲೇ ರಂಗಪ್ಪನನ್ನು ಕೂರಿಸಿ. ಕಾಯುವವನು ಕೂತೇ ಇರುತ್ತಾನೆ ಅಲ್ವಾ?

ಈ ದೃಶ್ಯ ನಾನಾದರೆ ಹೀಗೆ ಬರೆಯುತ್ತಿದ್ದೆ:

ಹೊರಾಂಗಣ. ಬಸ್‌ಸ್ಟಾಪಿನ ಗೂಡಂಗಡಿ. ರಾತ್ರಿ.

ಅಂಗಡಿಯ ಬಲ್ಬ್ ಬಿಟ್ಟರೆ ಬೇರೆ ಬೆಳಕಿಲ್ಲ. ಪಕ್ಕದ ಕಲ್ಲುಬೆಂಚಿನ ಮೇಲೆ ರಂಗಪ್ಪ. ಅಂಗಡಿ ಕಡೆಯ ಕೆನ್ನೆ ಕಾಣುತ್ತದೆ, ರಸ್ತೆ ಕಡೆಯದು ಕತ್ತಲಲ್ಲಿದೆ.

ಅಂಗಡಿಯವನು ಹಲಗೆ ಜೋಡಿಸುತ್ತಾ: "ಇನ್ನು ಬರಾಕಿಲ್ಲ ಕಣಣ್ಣ, ಮನೆಗೋಗು."

ಬಲ್ಬ್ ಆರುತ್ತದೆ. ಹೆಜ್ಜೆ ಸದ್ದು ದೂರವಾಗುತ್ತದೆ.

ಕತ್ತಲಲ್ಲಿ ಮೊಬೈಲ್ ಪರದೆ ಹೊತ್ತಿಕೊಳ್ಳುತ್ತದೆ. ರಂಗಪ್ಪನ ಮುಖ. ಹೊತ್ತು ನೋಡಿ ಆರಿಸುತ್ತಾನೆ.

ಬಸ್ಸಿನ ಸದ್ದು. ಅವನ ಮುಖದ ಮೇಲೆ ಬೆಳಕು ಏರುತ್ತದೆ. ಎದ್ದು ನಿಲ್ಲುತ್ತಾನೆ. ಬೆಳಕು ಸರಿದು ಹೋಗುತ್ತದೆ. ಬಸ್ಸು ನಿಲ್ಲಲಿಲ್ಲ.

ಇಲ್ಲಿ ಒಂದೇ ಒಂದು ಲೆನ್ಸ್ ಹೆಸರಿಲ್ಲ. ಆದರೆ ಯಾವ ದೀಪ, ಯಾವ ಕಡೆಯಿಂದ, ಯಾವಾಗ ಹೊತ್ತಿ ಯಾವಾಗ ಆರುತ್ತದೆ ಎನ್ನುವುದೆಲ್ಲ ಇದೆ. ನಾನು ಮಾಡಿದ್ದು ಇಷ್ಟೇ, ಒಂದೊಂದು ಟಿಪ್ಪಣಿಯನ್ನೂ ಹೊಡೆದು ಹಾಕಿ ನೋಡಿದೆ. ಬಲ್ಬ್ ಆರುವುದನ್ನು ತೆಗೆದರೆ ಕಥೆಯೇ ಬದಲಾಗುತ್ತದೆ, ಅದಕ್ಕೆ ಉಳಿಸಿಕೊಂಡೆ. "ತಂಪು ನೀಲಿ" ತೆಗೆದರೆ ಏನೂ ಆಗಲಿಲ್ಲ. ಬಸ್ಸಿನ ವಿಷಯದಲ್ಲಿ ನಿಮಗೆ ಲಾಭವೂ ಇದೆ, ಬಸ್ಸು ತರಬೇಕಾಗಿಯೇ ಇಲ್ಲ. ಒಂದು ಕೋಲಿಗೆ ಐದಾರು ಅಡಿ ಅಂತರದಲ್ಲಿ ಎರಡು ಟಾರ್ಚ್ ಕಟ್ಟಿ, ಇಬ್ಬರು ಹಿಡಿದು ರಂಗಪ್ಪನ ಮುಂದೆ ಅಡ್ಡಲಾಗಿ ನಡೆದರೆ ಸಾಕು. ಹಿಂದಿನ ಗೋಡೆ ಮೇಲೆ ಅವನ ನೆರಳು ಎದುರು ದಿಕ್ಕಿಗೆ ಸರಿಯುತ್ತದೆ, ಸದ್ದು ಸೇರಿಸಿದರೆ ನೋಡುವವರಿಗೆ ಬಸ್ಸು ಕಂಡೇ ಕಾಣುತ್ತದೆ. ಓಡಾಟ ಇರುವ ರಸ್ತೆ ಮೇಲೆ ಮಾತ್ರ ಇದನ್ನು ಮಾಡಬೇಡಿ.

ಇನ್ನು ಶೂಟಿಂಗ್ ದಿನದ ಲೆಕ್ಕ. ಅದು ಬೇಡ ಅನ್ನುತ್ತಿಲ್ಲ, ಬೇರೆ ಹಾಳೆಯಲ್ಲಿ ಇರಲಿ. ಆ ಹಾಳೆಯಲ್ಲಿ ಏನಿರಬೇಕು ಅಂತಲೂ ಹೇಳುತ್ತೇನೆ, ಯಾಕಂದ್ರೆ ನೀವು ಬರೆದ ಅಂಕಿಗಳಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ.

ಮೊದಲು ಬಲ್ಬ್. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ಅದರ ಜಾಗಕ್ಕೆ 3000 ಕೆಲ್ವಿನ್‌ನ ಹಳದಿ ಬಲ್ಬ್ ಹಾಕಿ, ಅದೂ ಚಿಕ್ಕದು, 3 ಅಥವಾ 5 ವ್ಯಾಟ್. ದೊಡ್ಡದು ಹಾಕಿದರೆ ಫ್ರೇಮಿನಲ್ಲಿ ಬಲ್ಬ್ ಇರುವ ಕಡೆ ಬರೀ ಬಿಳಿ ತೂತು ಕಾಣುತ್ತದೆ. ಮುಖಕ್ಕೆ ನಿಜವಾಗಿ ಬೆಳಕು ಕೊಡುವುದು ನಿಮ್ಮ ಪ್ಯಾನೆಲ್. ಅದನ್ನೂ 3000 ಕೆಲ್ವಿನ್‌ಗೆ ತಿರುಗಿಸಿ (ಬಣ್ಣ ಬದಲಾಗದ ಪ್ಯಾನೆಲ್ ಆದರೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಹಾಕಿ), ಮುಂದೆ ಬಟರ್ ಪೇಪರೋ ತೆಳು ಬಿಳಿ ಬಟ್ಟೆಯೋ ಇಳಿಬಿಟ್ಟು, ಬಲ್ಬ್ ಇರುವ ಕಡೆಯೇ ಫ್ರೇಮಿನ ಆಚೆ, ಮುಖದಿಂದ ಒಂದೂವರೆ ಮೀಟರ್‌ನಲ್ಲಿ ಇಡಿ. ಬೆಳಕು ಬಲ್ಬಿನದೇ ಅಂತ ಎಲ್ಲರೂ ನಂಬುತ್ತಾರೆ. ಎದುರು ಕಡೆಯಿಂದ ಬಂದರೆ ಯಾರೂ ನಂಬುವುದಿಲ್ಲ.

ಬಲ್ಬ್ ಆರಿದಾಗ ಪರದೆ ಪೂರ್ತಿ ಕಪ್ಪಾಗಬಾರದು. ಕಪ್ಪಾದರೆ ವೀಡಿಯೊ ನಿಂತಿದೆ ಅಂತ ಜನ ಮೊಬೈಲ್ ತಟ್ಟುತ್ತಾರೆ. ಆದ್ದರಿಂದ ಬಲ್ಬ್ ಆರುವ ಜಾಗದಲ್ಲೇ ಶಾಟ್ ಕತ್ತರಿಸಿ. ಮುಂದಿನ ಶಾಟ್‌ಗೆ ಪ್ಯಾನೆಲ್ ಅನ್ನು ರಂಗಪ್ಪನ ಹಿಂದೆ ನಾಲ್ಕು ಮೀಟರ್ ದೂರ ಒಯ್ದು ತೀರಾ ಕಡಿಮೆ ಮಾಡಿ, ಹೆಗಲ ಅಂಚು ಮಾತ್ರ ಗೆರೆ ಹಾಗೆ ಕಾಣಲಿ. ಮುಖಕ್ಕೆ ಮೊಬೈಲ್ ಬೆಳಕು ಸಾಕು, ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಪೂರ್ತಿ ಮಾಡಿ ಒಂದಡಿ ದೂರದಲ್ಲಿ ಹಿಡಿಸಿ.

ಶಟರ್ 1/60 ಅಂತ ಬರೆದಿದ್ದೀರಿ, ಎಲ್ಲೋ ಅಮೆರಿಕದವರ ವೀಡಿಯೊ ನೋಡಿರಬೇಕು. ಅವರದು 60 ಹರ್ಟ್ಸ್ ಕರೆಂಟು, ನಮ್ಮದು 50. ಇಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ಇಲ್ಲದಿದ್ದರೆ ಕರೆಂಟಿನ ದೀಪಗಳ ಕೆಳಗೆ ಚಿತ್ರದ ಮೇಲೆ ಅಡ್ಡಪಟ್ಟಿ ಹರಿದಾಡುವ ಸಾಧ್ಯತೆ ಇದೆ. ಮಾನಿಟರ್‌ನಲ್ಲಿ ಒಂದು ನಿಮಿಷ ಸುಮ್ನೆ ನೋಡಿದರೆ ಗೊತ್ತಾಗುತ್ತದೆ.

ಕೊನೆಗೆ, ಊರು ತೋರಿಸುವ ಆ ವೈಡ್ ಶಾಟ್. ಇದರಲ್ಲಿ ನಾನೂ ಕೈ ಸುಟ್ಟುಕೊಂಡಿದ್ದೇನೆ. ಒಮ್ಮೆ ನಾವು ಗೆಳೆಯರು ರಾತ್ರಿ ಊಟ ಮುಗಿಸಿಕೊಂಡು ಆರಾಮಾಗಿ ಹೋಗಿ ಐಎಸ್‌ಒ ಏರಿಸಿ ತೆಗೆದೆವು. ಮನೆಗೆ ಬಂದು ನೋಡಿದರೆ ಮರವೂ ಇಲ್ಲ, ಊರೂ ಇಲ್ಲ, ಬರೀ ಕಪ್ಪು, ಅದರ ಮೇಲೆ ರವೆ ಚೆಲ್ಲಿದ ಹಾಗೆ ಚುಕ್ಕಿ. ಮರುದಿನ ಸಂಜೆ ಮತ್ತೆ ಹೋಗಿ, ಸೂರ್ಯ ಮುಳುಗಿದ ಮೇಲೆ ಹದಿನೈದು ನಿಮಿಷ ಕಾದೆವು. ಆಕಾಶ ಇನ್ನೂ ಸ್ವಲ್ಪ ನೀಲಿ ಇತ್ತು, ಅಂಗಡಿಯ ಬಲ್ಬ್ ಅಷ್ಟೇ ಗಟ್ಟಿಯಾಗಿ ಕಾಣುತ್ತಿತ್ತು. ವೈಟ್ ಬ್ಯಾಲೆನ್ಸ್ 3200ಕ್ಕೆ ಇಟ್ಟಾಗ ಆಕಾಶ ಇನ್ನಷ್ಟು ನೀಲಿಯಾಯಿತು, ಬಲ್ಬ್ ಸ್ವಲ್ಪ ಹಳದಿಯಾಗೇ ಉಳಿಯಿತು. ಒಂದು ಮಟ್ಟ ಎಕ್ಸ್‌ಪೋಷರ್ ಇಳಿಸಿದೆವು. ನಡುರಾತ್ರಿ ಅಂದರೆ ಯಾರೂ ಅನುಮಾನಪಡಲಿಲ್ಲ. ಆದರೆ ಸಿಗುವುದು ಹತ್ತು ನಿಮಿಷ ಮಾತ್ರ, ಎರಡು ಟೇಕ್‌ಗಿಂತ ಜಾಸ್ತಿ ಆಗುವುದಿಲ್ಲ. ಟ್ರೈಪಾಡ್, ನಟರು, ಬಲ್ಬ್ ಎಲ್ಲ ಅರ್ಧ ಗಂಟೆ ಮುಂಚೆಯೇ ತಯಾರಿರಬೇಕು. ಕತ್ತಲಾದ ಮೇಲೆ ಹತ್ತಿರದ ಶಾಟ್‌ಗಳಿಗೆ ಎಷ್ಟು ಹೊತ್ತು ಬೇಕಾದರೂ ತಗೊಳ್ಳಿ.

ಹಾಗಾಗಿ ಹಾಳೆಯ ಮೊದಲ ಸಾಲು "ಶಾಟ್ 1: ಸೂರ್ಯ ಮುಳುಗಿ 15 ನಿಮಿಷಕ್ಕೆ" ಅಂತ ಇರಲಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ರಂಗಪ್ಪ ಇರಲಿ. ಎರಡನ್ನೂ ಬೇರೆ ಬೇರೆ ಮಾಡಿ ಮತ್ತೆ ಕಳಿಸಿ. ಆ ಕ್ರೇನ್ ಶಾಟ್ ಉಳಿಸಿಕೊಂಡರೆ ನಾನು ಓದುವುದಿಲ್ಲ.