ಸಂಜೆಯ ಎಡಿಎಕ್ಸ್ ನೋಡಿ ಬೆಳಿಗ್ಗೆ ಟ್ರೇಡ್ ಮಾಡಿದ ಕಥೆ

"20 ದಿನದ ಹೈ ಬ್ರೇಕೌಟ್‌ಗೆ ಎಡಿಎಕ್ಸ್ ಫಿಲ್ಟರ್ ಹಾಕಬೇಕು ಅಂತಿದ್ದೇನೆ. 20, 25, 30ರಲ್ಲಿ ಯಾವುದು ಸರಿ? ಟ್ರೇಡ್ ತುಂಬಾ ಕಡಿಮೆ ಆಗ್ತದಾ?" ಶೇರಿನ ಟ್ರೆಂಡ್ ಎಷ್ಟು ಗಟ್ಟಿ ಅಂತ ಅಳೆಯುವ ಎಡಿಎಕ್ಸ್ ಬಗ್ಗೆ ಒಬ್ಬರು ಕೇಳಿದ್ದು ಇದು.

ನಾನೂ ಇದೇ ಮಾಡಿದ್ದು. ಬದಿಯಡ್ಕದ ಮನೆಯಲ್ಲಿ, ಹೊರಗೆ ಜಡಿಮಳೆ, ಕರೆಂಟ್ ಹೋಗುವುದರೊಳಗೆ ಹಳೆಯ ಬೆಲೆಗಳ ಮೇಲೆ ಟೆಸ್ಟ್ ಮುಗಿಸಬೇಕೆಂಬ ಅವಸರ. ಫಿಲ್ಟರ್ ಇಲ್ಲದೆ 212 ಟ್ರೇಡ್ ಇತ್ತು. 20 ಹಾಕಿದರೆ 131, 25ಕ್ಕೆ 74, 30ಕ್ಕೆ ಬರೀ 33. 25ರಲ್ಲಿ ಲಾಭದ ಗೆರೆ ಎಷ್ಟು ಚಂದ ಬಂತೆಂದರೆ ಮರುವಾರವೇ ದುಡ್ಡು ಹಾಕಿದೆ. ನಾಲ್ಕು ತಿಂಗಳು ಸುಮ್ನೆ ನಷ್ಟ.

ಮಂಜೇಶ್ವರದ ಭಾವನಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವನು ಕೇಳಿದ್ದು ಒಂದೇ: "ಬೆಳಿಗ್ಗೆ ಹತ್ತೂವರೆಗೆ ನಿನಗೆ ಸಂಜೆಯ ಎಡಿಎಕ್ಸ್ ಯಾರು ಹೇಳಿದ್ದು ಮಾರಾಯ?"

ಅಲ್ಲೇ ಇತ್ತು ತಪ್ಪು. ಬೆಲೆ ಹೈ ದಾಟಿದ ಕ್ಷಣಕ್ಕೆ ನನ್ನ ಎಂಟ್ರಿ, ಆದರೆ ಕೋಡ್ ನೋಡುತ್ತಿದ್ದದ್ದು ಅದೇ ದಿನ ಮಾರ್ಕೆಟ್ ಮುಚ್ಚಿದ ಮೇಲಿನ ಎಡಿಎಕ್ಸ್. ಎಡಿಎಕ್ಸ್ ಅಂದರೆ ಡಿಎಕ್ಸ್ ಅನ್ನುವ ಸಂಖ್ಯೆಯ ಸರಾಸರಿ; 14 ದಿನದ್ದಾದರೆ ನಿನ್ನೆಯ ಎಡಿಎಕ್ಸನ್ನು 13ರಿಂದ ಗುಣಿಸಿ, ಇವತ್ತಿನ ಡಿಎಕ್ಸ್ ಕೂಡಿಸಿ, 14ರಿಂದ ಭಾಗಿಸುವುದು. ನಿನ್ನೆ 24.2 ಇತ್ತು ಅಂತಿಟ್ಟುಕೊಳ್ಳಿ. ಬ್ರೇಕೌಟ್ ಗಟ್ಟಿಯಾಗಿ ನಿಂತು ಡಿಎಕ್ಸ್ 38 ಆದರೆ ಸಂಜೆಗೆ 25.2, ಟ್ರೇಡ್ ಪಾಸ್. ಬೆಲೆ ವಾಪಸ್ ಬಿದ್ದು ಡಿಎಕ್ಸ್ 20 ಆದರೆ 23.9, ಟ್ರೇಡ್ ಲೆಕ್ಕದಲ್ಲೇ ಇಲ್ಲ. ಅಂದರೆ ನನ್ನ ಫಿಲ್ಟರ್ ಟ್ರೆಂಡ್ ಅಳೆಯುತ್ತಿರಲಿಲ್ಲ, ಆ ದಿನ ಗೆದ್ದವನ್ನು ಹೆಕ್ಕಿಕೊಡುತ್ತಿತ್ತು! ಸರಿ ಮಾಡಲಿಕ್ಕೆ, ನಿನ್ನೆಯ ಎಡಿಎಕ್ಸ್ ನೋಡುವ ಒಂದೇ ಸಾಲು:

```
ok = adx.shift(1) > 25
```

ಇದನ್ನು ಹಾಕಿದ ಮೇಲೆ 74ರಲ್ಲಿ 16 ಹೊರಗೆ ಹೋದವು, 7 ಹೊಸದು ಬಂದವು, ಒಟ್ಟು 65. ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ ಅಲ್ವಾ, ಅದಕ್ಕೇ ನನಗೆ ಅನುಮಾನ ಬಂದಿರಲಿಲ್ಲ. ಆದರೆ ಹೋದವು ಹೆಚ್ಚಿನವು ಲಾಭದವು, ಬಂದವು ನಷ್ಟದವು. ಚಂದದ ಗೆರೆ ಚಪ್ಪಟೆ ಆಯ್ತು. ನೀವು ಮುಚ್ಚುವ ಬೆಲೆ ನೋಡಿ ಮರುದಿನ ಓಪನಿಂಗ್‌ಗೆ ಕೊಳ್ಳುವವರಾದರೆ ಈ ತೊಂದರೆ ಇಲ್ಲ.

ಇನ್ನು ಯಾವ ಸಂಖ್ಯೆ ಅನ್ನುವುದು. ಆ ಪ್ರಶ್ನೆಯೇ ಬೇಡ ಅಂತೇನೆ. 30ರಲ್ಲಿ ಉಳಿದ 33ರಲ್ಲಿ ಎರಡು ದೊಡ್ಡ ಟ್ರೇಡ್ ತೆಗೆದು ನೋಡಿದೆ, ಲಾಭವೇ ಇಲ್ಲ. ಉಳಿದವನ್ನಲ್ಲ, ಫಿಲ್ಟರ್ ಬಿಸಾಡಿದವನ್ನು ತೆರೆದು ನೋಡಿ. ನನ್ನದರಲ್ಲಿ ಅತಿ ದೊಡ್ಡ ಓಟಗಳು ಅಲ್ಲೇ ಬಿದ್ದಿದ್ದವು. ವಾರಗಟ್ಟಲೆ ಒಂದೇ ಕಡೆ ತೂಗಾಡಿದ ಶೇರಿನ ಎಡಿಎಕ್ಸ್ 15ರ ಹತ್ತಿರ ಇರುತ್ತದೆ, ಅದು 25 ಮುಟ್ಟುವಾಗ ಅರ್ಧ ಓಟ ಮುಗಿದಿರುತ್ತದೆ.

ಈಗ ನಾನು ಯಾವುದನ್ನೂ ಬಿಡುವುದಿಲ್ಲ. ನಿನ್ನೆಯ ಎಡಿಎಕ್ಸ್ 20ಕ್ಕಿಂತ ಕೆಳಗಿದ್ದು ಇಳಿಯುತ್ತಲೇ ಇದ್ದರೆ ಅರ್ಧ ಕ್ವಾಂಟಿಟಿ, ಇಲ್ಲದಿದ್ದರೆ ಪೂರ್ತಿ. 212 ಟ್ರೇಡ್ 212 ಆಗಿಯೇ ಉಳಿದಿದೆ.